ಕಂಸಾಳೆ ಕುಣಿತಕ್ಕೆ ಯಾವುದು: ಕಡ್ಡಿ ಅಸ್ಥಿಪಂಜರವೋ, ಮೈ ನಕ್ಷೆಯೋ?

ಮೈಸೂರಿನ ಕಂಸಾಳೆ ಕಲಾವಿದರೊಬ್ಬರ ಕುಣಿತವನ್ನು, ಒಪ್ಪಿಗೆ ಪಡೆದು, ವಿಡಿಯೊದಲ್ಲಿ AI ಬಳಸಿ ಇನ್ನೊಬ್ಬರ ಮೈಗೆ ಕೂರಿಸಬೇಕು ಅಂದುಕೊಳ್ಳಿ. ಭಂಗಿ ಹಿಡಿಯಲು ಎರಡು ದಾರಿ ಇವೆ.

OpenPose ಎಂಬ ತಂತ್ರಾಂಶ ಕೀಲುಗಳನ್ನು ಚುಕ್ಕಿಗಳಾಗಿ ಗುರುತಿಸಿ, ಅವನ್ನು ಜೋಡಿಸಿ ಕಡ್ಡಿ ಅಸ್ಥಿಪಂಜರ ಮಾಡುತ್ತದೆ. ಅದರ ಒಂದು ಮಾದರಿಯಲ್ಲಿ 25 ಚುಕ್ಕಿ. ನಡಿಗೆಗೆ ಇಷ್ಟೇ ಸಾಕು. ಕಂಸಾಳೆಯಲ್ಲಿ ಕೈಗಳು ಎದೆಯ ಮುಂದೆ ದಾಟುತ್ತವೆ, ಅಲ್ವಾ? ಆಗ ಯಾವ ಕೈ ಮುಂದಿದೆ ಅಂತ ಚುಕ್ಕಿಗಳು ಹೇಳುವುದಿಲ್ಲ. ಒಂದೆರಡು ಫ್ರೇಮ್‌ನಲ್ಲಿ ಎಡ-ಬಲ ಮಣಿಕಟ್ಟು ಅದಲುಬದಲಾದರೆ ಮೊಣಕೈ ಕರಗಿದಂತೆ ಕಾಣುತ್ತದೆ. ಪ್ರತಿ ಚುಕ್ಕಿಯ ಜೊತೆ ನಂಬಿಕೆಯ ಅಂಕವೂ ಬರುತ್ತದೆ. ಅದು ದಿಢೀರನೆ ಕುಸಿದ ಫ್ರೇಮ್‌ಗಳನ್ನು ಮೊದಲು ನೋಡಿ.

2018ರ DensePose ಎಂಬ ಇನ್ನೊಂದು ತಂತ್ರ ಮೈಯನ್ನು 24 ಭಾಗ ಮಾಡಿ, ಕಾಣುವ ಚರ್ಮದ ನಕ್ಷೆ ಕೊಡುತ್ತದೆ. ಮುಂದಿರುವ ಕೈ ಹಿಂದಿನದನ್ನು ಮುಚ್ಚುವುದು ಇದರಲ್ಲಿ ಗೊತ್ತಾಗುತ್ತದೆ. ಆದರೆ ಮೂಲದವರ ಮೈಕಟ್ಟೂ ಜೊತೆಗೇ ಬರುತ್ತದೆ. ಸಣಕಲು ಕುಣಿತಗಾರರ ನಕ್ಷೆಯನ್ನು ದಪ್ಪಗಿರುವವರಿಗೆ ಹಾಕಿದರೆ ಅವರೂ ಸಣ್ಣಗಾಗುತ್ತಾರೆ.

ಪಂಚೆ ಮಾತ್ರ ಎರಡಕ್ಕೂ ತಲೆನೋವು. ಮಂಡಿ ಬಟ್ಟೆಯೊಳಗಿದೆ, ಎರಡೂ ಊಹಿಸುತ್ತವೆ. ನೆರಿಗೆ ಕಾಲು ನಿಂತ ಮೇಲೂ ಬೀಸುತ್ತದೆ. ಆ ಬೀಸು ಭಂಗಿಯಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಹೊಸ ವಿಡಿಯೊ ಬರೆಯುವ AI ಮಾದರಿ ನೆರಿಗೆಯನ್ನು ಫ್ರೇಮ್‌ಗೊಂದು ರೀತಿ ಬರೆಯುತ್ತದೆ. ಹೊಸಬರು ಪ್ಯಾಂಟ್ ತೊಟ್ಟಿದ್ದರಂತೂ ಹಳೆ ಪಂಚೆಯ ಅಂಚು ಪಕ್ಕದಲ್ಲಿ ಉಳಿಯುತ್ತದೆ. ಮೂಲದವರನ್ನು ಅಳಿಸಲು ಗುರುತು ಮಾಡುವ ಜಾಗ, ಅಂದರೆ ಮಾಸ್ಕ್, ಬಟ್ಟೆಯ ತುದಿಯವರೆಗೂ ಇರಬೇಕು. ಅಲ್ಲಿ ಹಿನ್ನೆಲೆ ತುಂಬಲು ಖಾಲಿ ಜಾಗದ ಒಂದು ಶಾಟ್ ಬೇಕು.

ಇಬ್ಬರ ಮೈಕಟ್ಟು ಹತ್ತಿರವಿದ್ದರೆ ಕಂಸಾಳೆಗೆ ನಾನು ನಕ್ಷೆಯನ್ನೇ ಆರಿಸುತ್ತೇನೆ. ಇಲ್ಲದಿದ್ದರೆ ಕಡ್ಡಿ ಚಿತ್ರವೇ ಸರಿ, ಆದರೆ ಕೈ ದಾಟುವ ಫ್ರೇಮ್‌ಗಳನ್ನು ಕೈಯಿಂದ ತಿದ್ದಬೇಕು.