ಗದ್ದಲ ಹಿಗ್ಗಿಸುವ ಝೀರೊ ಫೋರ್ಸಿಂಗ್, ಬಿಂದು ಕುಗ್ಗಿಸುವ ಎಂಎಂಎಸ್‌ಇ

ಎರಡು ಅಗ್ಗದ ಸಾಫ್ಟ್‌ವೇರ್ ರೇಡಿಯೊ ಬೋರ್ಡ್‌ಗಳ ನಡುವೆ, ನಮ್ಮ ತಾರಸಿಯಿಂದ ಬೀದಿಯಾಚೆಯ ಗೆಳೆಯರ ತಾರಸಿಗೆ, 16-QAM ಸಂಕೇತಗಳನ್ನು ಕಳುಹಿಸುತ್ತಿದ್ದೆ. ತಪ್ಪುಗಳು ವಿಪರೀತವಾದಾಗ ಸ್ವೀಕಾರ ದುರ್ಬಲವಾಗಿದೆ ಎಂದು ಭಾವಿಸಿ ಕಡಿಮೆ ಗದ್ದಲದ ಆಂಪ್ಲಿಫೈಯರ್ ಒಂದನ್ನು ಕೊಂಡೆ. ಅದರಿಂದ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ದೋಷವಿದ್ದದ್ದು ಚಾನೆಲ್ ಕೆಡಿಸಿದ್ದನ್ನು ಸರಿಪಡಿಸಲು ನಾನು ಬರೆದಿದ್ದ, ಬಂದ ಸಿಗ್ನಲನ್ನು ಚಾನೆಲ್‌ನಿಂದ ನೇರವಾಗಿ ಭಾಗಿಸುವ ಝೀರೊ ಫೋರ್ಸಿಂಗ್ ಈಕ್ವಲೈಸರ್‌ನಲ್ಲಿ. ಈಗ ಎಂಎಂಎಸ್‌ಇ, ಅಂದರೆ ಸರಾಸರಿ ವರ್ಗದೋಷವನ್ನು ಕನಿಷ್ಠಕ್ಕಿಳಿಸುವ ಈಕ್ವಲೈಸರ್ ಬಳಸುತ್ತಿದ್ದೇನೆ. ಅದೂ ಸುಲಭಕ್ಕೆ ಒಲಿಯಲಿಲ್ಲ.

ಹೋಲಿಕೆಗಾಗಿ ಚಾನೆಲನ್ನು ಮೇಜಿನ ಮೇಲೆಯೇ ಕಟ್ಟಿದೆ. ಸೆಕೆಂಡಿಗೆ 1 ಕೋಟಿ ಸಂಕೇತಗಳ ವೇಗದಲ್ಲಿ ಒಂದು ಸಂಕೇತದ ಅವಧಿ 100 ನ್ಯಾನೊಸೆಕೆಂಡ್. ಸುಮಾರು 20 ಮೀಟರ್ ಕೋಆಕ್ಸಿಯಲ್ ಕೇಬಲ್ ಅಷ್ಟು ತಡ ಮಾಡುತ್ತದೆ. ಸಿಗ್ನಲನ್ನು ಎರಡಾಗಿ ಸೀಳಿ, ಒಂದು ಭಾಗವನ್ನು ಆ ಸುರುಳಿಯ ಮೂಲಕ ಹಾಯಿಸಿ, ನೇರ ದಾರಿಯನ್ನೂ ತಕ್ಕಷ್ಟು ಕುಗ್ಗಿಸಿ, ಎರಡನ್ನೂ ಮತ್ತೆ ಸೇರಿಸಿದಾಗ 1 ಮತ್ತು 0.9 ಬಲದ ಎರಡು ದಾರಿಗಳ ಚಾನೆಲ್ ಸಿಕ್ಕಿತು. 64 ಸಂಕೇತಗಳ ಪ್ರತಿ ಬ್ಲಾಕಿನ ಮುಂದೆ, ಅದರ ಕೊನೆಯ 16 ಸಂಕೇತಗಳ ನಕಲಿರುತ್ತದೆ. ಚಾನೆಲನ್ನು ಅಂದಾಜಿಸಲು ಕಳುಹಿಸುವ ಪೈಲಟ್ ಬ್ಲಾಕಿಗೆ ಝಡಾಫ್-ಚು ಸರಣಿಯನ್ನೇ ಆರಿಸಿದೆ. ಅದರ ಶಕ್ತಿ ಎಲ್ಲ ಆವರ್ತನ ಬಿನ್‌ಗಳಲ್ಲೂ ಸಮನಾಗಿರುವುದರಿಂದ ಯಾವ ಬಿನ್ನಿನ ಅಂದಾಜೂ ಬಡವಾಗುವುದಿಲ್ಲ.

ಈ ಚಾನೆಲ್‌ನ ಅತಿ ತಗ್ಗಿನ ಬಿನ್ನಿನಲ್ಲಿ ಅದರ ಬಲ `|H|` ಸುಮಾರು 0.1ರಷ್ಟೇ ಇರುತ್ತದೆ. ಗದ್ದಲವು ಕಳುಹಿಸಿದ ಸಂಕೇತಕ್ಕಿಂತ 15 ಡೆಸಿಬೆಲ್ ಕೆಳಗಿದ್ದರೆ, ಒಂದೇ ಪೈಲಟ್‌ನಿಂದ ಪಡೆದ ಅಂದಾಜಿನಲ್ಲಿ 0.18ರಷ್ಟು ತಪ್ಪು ಇರುತ್ತದೆ. ಅಂದರೆ ಝೀರೊ ಫೋರ್ಸಿಂಗ್ ಅಲ್ಲಿ ಚಾನೆಲ್‌ನಿಂದಲ್ಲ, ಗದ್ದಲದಿಂದಲೇ ಭಾಗಿಸುತ್ತಿರುತ್ತದೆ! ನಾಲ್ಕು ಪೈಲಟ್‌ಗಳ ಸರಾಸರಿ ತೆಗೆದರೆ ತಪ್ಪು ಅರ್ಧವಾಗುತ್ತದೆ. ಅಂದಾಜನ್ನು ಕಾಲದ ರೂಪಕ್ಕೆ ತಿರುಗಿಸಿ ಮೊದಲ 16 ಟ್ಯಾಪ್‌ಗಳನ್ನಷ್ಟೇ ಉಳಿಸಿಕೊಂಡರೆ ಇನ್ನೊಮ್ಮೆ ಅರ್ಧವಾಗುತ್ತದೆ.

ಚಾನೆಲ್ ಸರಿಯಾಗಿಯೇ ತಿಳಿದಿದೆ ಎಂದುಕೊಂಡರೂ ಝೀರೊ ಫೋರ್ಸಿಂಗ್ ಗದ್ದಲವನ್ನು 1/(1−0.81), ಅಂದರೆ 5.26 ಪಟ್ಟು ಹಿಗ್ಗಿಸುತ್ತದೆ. ತಗ್ಗಿನ ಬಿನ್‌ಗಳಲ್ಲಿ ಉಬ್ಬಿದ ಗದ್ದಲವು ಹಿಮ್ಮುಖ ಫೂರಿಯೆ ಪರಿವರ್ತನೆಯಲ್ಲಿ ಬ್ಲಾಕಿನ ಎಲ್ಲ ಸಂಕೇತಗಳಿಗೂ ಹಂಚಿಹೋಗುವುದರಿಂದ 15 ಡೆಸಿಬೆಲ್ 7.8ಕ್ಕೆ ಇಳಿಯುತ್ತದೆ. ಎಂಎಂಎಸ್‌ಇ ಭಾಜಕಕ್ಕೆ ಗದ್ದಲದ ಶಕ್ತಿಯನ್ನು ಕೂಡಿಸಿಕೊಂಡು, ಕೆಟ್ಟ ಬಿನ್‌ಗಳನ್ನು ಪೂರ್ತಿ ಎತ್ತದೆ ಬಿಟ್ಟು, ಅದೇ ಚಾನೆಲ್‌ನಲ್ಲಿ 10.5 ಡೆಸಿಬೆಲ್ ಕೊಡುತ್ತದೆ. ಹೆಚ್ಚುವರಿ ಲೆಕ್ಕವೆಂದರೆ ಬಿನ್ನಿಗೊಂದು ಸಂಕಲನ, ಅಷ್ಟೆ.

ಆದರೆ ಮೊದಲ ಬಾರಿ ಎಂಎಂಎಸ್‌ಇ ಹಾಕಿದಾಗ ಈ ಲಾಭ ತಪ್ಪುಗಳ ಎಣಿಕೆಯಲ್ಲಿ ಪೂರ್ತಿಯಾಗಿ ಕಾಣಲಿಲ್ಲ. ಚುಕ್ಕಿಗಳ ಗುಂಪುಗಳು ಪರದೆಯ ಮೇಲೆ ಬಿಗಿಯಾಗಿಯೇ ಇದ್ದವು; ಹೊರಸಾಲಿನ ಬಿಂದುಗಳು ಮಾತ್ರ ಮತ್ತೆ ಮತ್ತೆ ಒಳಸಾಲಿನವೆಂದು ಓದಲ್ಪಡುತ್ತಿದ್ದವು. ಎರಡು ವಾರಾಂತ್ಯಗಳನ್ನು ಸ್ವೀಕಾರದ ಗೇನ್ ತಿದ್ದುವುದರಲ್ಲಿ ಕಳೆದೆ.

ಕಾರಣ ಸೂತ್ರದಲ್ಲೇ ಇತ್ತು. ವರ್ಗದೋಷವನ್ನು ಕನಿಷ್ಠಗೊಳಿಸುವ ಉತ್ತರವು ಸದಾ ಸೊನ್ನೆಯ ಕಡೆಗೆ ವಾಲಿರುತ್ತದೆ. ಇಲ್ಲಿ ಉಳಿಯುವ ವರ್ಗದೋಷ 0.081, ಹಾಗಾಗಿ ಪ್ರತಿ ಬಿಂದುವೂ ತನ್ನ ನಿಜವಾದ ಬೆಲೆಯ 0.919ರಷ್ಟಕ್ಕೆ ಕುಗ್ಗುತ್ತದೆ. 16-QAMನ ಪ್ರತಿ ಅಕ್ಷದಲ್ಲಿ ±1 ಮತ್ತು ±3 ಬೆಲೆಗಳಿದ್ದು ನಿರ್ಣಯದ ಗಡಿ 2ರಲ್ಲಿರುತ್ತದೆ. 3ರ ಬಿಂದು 2.76ಕ್ಕೆ ಸರಿದಾಗ ಗಡಿಗಿದ್ದ ಅಂತರ 1ರಿಂದ 0.76ಕ್ಕೆ ಇಳಿಯುತ್ತದೆ. QPSKಗೆ ಗಡಿ ಸೊನ್ನೆಯಲ್ಲೇ ಇರುವುದರಿಂದ ಈ ತೊಂದರೆ ತಲೆಹಾಕುವುದೇ ಇಲ್ಲ. ನನ್ನ ಆರಂಭದ ಪರೀಕ್ಷೆಗಳೆಲ್ಲ QPSKಯಲ್ಲಿ ನಡೆದಿದ್ದವು. ಪರಿಹಾರ ಕೊನೆಯ ಸಾಲಿನಲ್ಲಿದೆ:

```
W = np.conj(H) / (np.abs(H)**2 + s2)
x = np.fft.ifft(W * np.fft.fft(y))
x = x / np.mean(W * H).real
```

ಇಲ್ಲಿ `y` ಎಂಬುದು ಮುಂದಿನ ನಕಲನ್ನು ತೆಗೆದುಹಾಕಿದ ಸ್ವೀಕೃತ ಬ್ಲಾಕ್, `s2` ಎಂಬುದು ಸಂಕೇತದ ಶಕ್ತಿ 1 ಎಂದಾಗಿನ ಗದ್ದಲದ ಶಕ್ತಿ. ಎರಡು ಒಂದೇ ಬಗೆಯ ಪೈಲಟ್ ಬ್ಲಾಕ್‌ಗಳ ವ್ಯತ್ಯಾಸದಿಂದ ಈ ಶಕ್ತಿಯನ್ನು ಅಳೆಯುತ್ತೇನೆ. ಕ್ಯಾರಿಯರ್ ಆವರ್ತನದ ವ್ಯತ್ಯಾಸವನ್ನು ಮೊದಲೇ ತಿದ್ದಿರಬೇಕು. ಇಲ್ಲವಾದರೆ ಎರಡು ಬ್ಲಾಕ್‌ಗಳ ನಡುವೆ ಫೇಸ್ ತಿರುಗಿದ್ದೂ ಗದ್ದಲವೆಂದು ಲೆಕ್ಕಕ್ಕೆ ಬರುತ್ತದೆ. ಪ್ರೇಷಣದ ಶಕ್ತಿ ಹೆಚ್ಚಿಸಿದರೂ ಈ `s2` ಇಳಿಯದಿದ್ದರೆ ಅಲ್ಲಿಯೇ ಹುಡುಕಬೇಕು.

ಸಂಕೇತಗಳನ್ನು ಹಲವು ವಾಹಕಗಳಿಗೆ ಹಂಚುವ, ಒಂದೇ ಆಂಟೆನಾದ ಸಾಮಾನ್ಯ ಒಎಫ್‌ಡಿಎಂನಲ್ಲಿ ಪ್ರತಿ ಸಂಕೇತವೂ ತನ್ನದೇ ಬಿನ್ನಿನಲ್ಲಿ ಕುಳಿತಿರುತ್ತದೆ. ಅಲ್ಲಿ ಎರಡೂ ಈಕ್ವಲೈಸರ್‌ಗಳ ಉತ್ತರಗಳ ನಡುವೆ ಒಂದು ಧನ ಸಂಖ್ಯೆಯ ಗುಣಾಕಾರವಷ್ಟೇ ವ್ಯತ್ಯಾಸ. QPSKಯ ನೇರ ನಿರ್ಣಯಕ್ಕಾದರೆ ಝೀರೊ ಫೋರ್ಸಿಂಗ್ ಸಾಕು, ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ. ಬ್ಲಾಕ್ ರೂಪದ ಏಕವಾಹಕ ಕೊಂಡಿಯಲ್ಲಿ, 16-QAMನ ಹಟ ಬಿಡದ ನನ್ನಂಥವರಿಗೆ, ಮೇಲಿನ ಮೂರು ಸಾಲುಗಳು ಪುಕ್ಕಟೆಯಾಗಿ 2.7 ಡೆಸಿಬೆಲ್ ಕೊಡುತ್ತವೆ. ಆಂಪ್ಲಿಫೈಯರ್ ಡ್ರಾಯರ್‌ನಲ್ಲಿದೆ.