ಸರ ಚಿನ್ನದ್ದೋ ಗಿಲೀಟೋ? ಬಣ್ಣ, ಮುದ್ರೆ, ಸವೆತದಲ್ಲಿ ನನ್ನ ಓಟು ಸವೆತಕ್ಕೆ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಮಸೂರ ಕೊಂಡಿದ್ದು ನನಗಂತೂ ಲಾಭದ ಖರೀದಿ. ಅಜ್ಜಿಯ ಡಬ್ಬಿಯಲ್ಲಿದ್ದ ಹಳದಿ ಸರಗಳನ್ನೆಲ್ಲ ಅದರಡಿ ಹಿಡಿದು ನೋಡಿದ ಮೇಲೆ, ಯಾವ ಸರ ಕೈಗೆ ಬಂದರೂ ಮೊದಲು ಸವೆದ ಜಾಗವನ್ನೇ ಹುಡುಕುತ್ತೇನೆ.

ಬಣ್ಣವನ್ನು ನಂಬುವಂತಿಲ್ಲ. ಬರೀ ಹಿತ್ತಾಳೆಯಾದರೆ ಹಳದಿಯಲ್ಲಿ ಸ್ವಲ್ಪ ಹಸಿರು ಛಾಯೆ ಇರುತ್ತದೆ, ಬೆವರು ತಾಗಿದರೆ ಕಿಲುಬು ಹಿಡಿಯುತ್ತದೆ. ಆದರೆ ಗಿಲೀಟಿನ ಮೇಲ್ಪದರ ನಿಜವಾದ ಚಿನ್ನವೇ ಆಗಿರಬಹುದಲ್ಲ, ಕಣ್ಣು ಏನು ತಾನೇ ಹೇಳೀತು?

ಮುದ್ರೆ ಇದಕ್ಕಿಂತ ವಾಸಿ. 2021ರ ಜುಲೈನಿಂದ ಬಂದ ಹಾಲ್‌ಮಾರ್ಕ್‌ನಲ್ಲಿ ಬಿಐಎಸ್ ಚಿಹ್ನೆ, 22K916 ಥರದ ಶುದ್ಧತೆ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರುತ್ತವೆ. ಆ ಆರನ್ನು BIS Care ಆ್ಯಪ್‌ನಲ್ಲಿ ಹಾಕಿದರೆ ಅದು ಯಾವ ಬಗೆಯ ಒಡವೆ ಎಂದೂ ಬರುತ್ತದೆ. ಕೈಯಲ್ಲಿ ಸರ, ಆ್ಯಪ್‌ನಲ್ಲಿ ಉಂಗುರ ಎಂದಾದರೆ ಮುದ್ರೆ ಎಲ್ಲಿಂದಲೋ ಬಂದದ್ದು. ಬರೀ 916 ಎಂದಿದ್ದರೆ ಅದನ್ನು ಯಾರು ಬೇಕಾದರೂ ಒತ್ತಬಹುದು. ಹಳದಿ ಸರದ ಮೇಲೆ 925 ಎಂದಿದ್ದರೆ ಒಳಗೆ ಬೆಳ್ಳಿ, ಮೇಲೆ ಚಿನ್ನದ ನೀರು ಎನ್ನುವ ಸೂಚನೆ. GP ಎಂದರೆ ಗಿಲೀಟು. ಅಜ್ಜಿಯ ಕಾಲದ ಅಪ್ಪಟ ಚಿನ್ನಕ್ಕೆ ಯಾವ ಮುದ್ರೆಯೂ ಇಲ್ಲದಿರಬಹುದು. ಕೊಂಡಿ ಬದಲಾಯಿಸಿದ್ದರೆ ಮುದ್ರೆ ಕೊಂಡಿಗಷ್ಟೇ ಸಾಕ್ಷಿ.

ಇನ್ನು ಸವೆತ. ಸರದ ಹೊರಮೈ ನೋಡಿ ಪ್ರಯೋಜನವಿಲ್ಲ. ಸರವನ್ನು ಹೆಣೆದ ಪುಟ್ಟ ಬಳೆಗಳು ಒಂದಕ್ಕೊಂದು ಉಜ್ಜುವ ಒಳಬಾಗು, ಕೊಂಡಿ ಸಿಕ್ಕಿಸುವ ಉಂಗುರ, ಇವೆರಡನ್ನು ನೋಡಬೇಕು. ಅಪ್ಪಟ ಚಿನ್ನವಾದರೆ ಬಳೆ ಸಣಕಲಾಗಿದ್ದರೂ ಅಲ್ಲಿ ಅದೇ ಬಣ್ಣ. ಕೆಂಪು ಕಂಡರೆ ತಾಮ್ರದ ಮೇಲಿನ ಗಿಲೀಟು.

ಬಿಳಿ ಕಂಡರೆ ಮಾತ್ರ ಪೀಕಲಾಟ. ಬೆಳ್ಳಿ ಎಂದುಬಿಡುವ ಆಸೆ ಬರುತ್ತದೆ. ಆದರೆ ಹಿತ್ತಾಳೆಗೆ ಚಿನ್ನದ ನೀರು ಹಾಕುವ ಮೊದಲು ಎಷ್ಟೋ ಕಡೆ ನಿಕ್ಕಲ್ ಪದರ ಕೊಡುತ್ತಾರೆ, ಅದೂ ಬಿಳಿಯೇ. ಡಬ್ಬಿಯಲ್ಲಿದ್ದ ಒಂದು ಸರದ ಕೊಂಡಿಯ ಉಂಗುರ ಮಸೂರದಡಿ ಹೀಗಿತ್ತು: ಅಂಚಿನಲ್ಲಿ ಚಿನ್ನದ ಹಳದಿ, ಅದರ ಪಕ್ಕ ಕೂದಲೆಳೆಯಷ್ಟು ಬಿಳಿ ಗೆರೆ, ಹೆಚ್ಚು ಸವೆದ ನಡುವಿನಲ್ಲಿ ಮತ್ತೆ ಮಂಕು ಹಳದಿ. ಬಿಳಿ ಮುಗಿದು ಮತ್ತೆ ಹಳದಿ ಬಂದರೆ ಹಿತ್ತಾಳೆ. ಬೆಳ್ಳಿಯಾಗಿದ್ದರೆ ಎಷ್ಟು ಸವೆದರೂ ಬಿಳಿಯೇ, ಮೂಲೆಗಳಲ್ಲಿ ಕಪ್ಪು ಕೂತಿರುತ್ತದೆ.

ಅಯಸ್ಕಾಂತದ ಪರೀಕ್ಷೆ ಬಿಟ್ಟುಬಿಡಿ. ಚಿನ್ನ, ಬೆಳ್ಳಿ, ತಾಮ್ರ, ಹಿತ್ತಾಳೆ ಯಾವುವೂ ಅಂಟುವುದಿಲ್ಲ, ಅಪ್ಪಟ ಚಿನ್ನದ ಸರದ ಕೊಂಡಿಯೊಳಗಿನ ಉಕ್ಕಿನ ಸ್ಪ್ರಿಂಗ್ ಅಂಟಿ ಹೆದರಿಸಬಹುದು.

ಹಳೇ ಸರ ಕೊಳ್ಳುವ, ಡಬ್ಬಿ ಕೆದಕುವ ನನ್ನಂಥವರಿಗೆ ಕೆಲವು ನೂರು ರೂಪಾಯಿಯ ಮಸೂರವೇ ಸಾಕು. ಹೊಸದನ್ನು ಅಂಗಡಿಯಲ್ಲಿ ಕೊಳ್ಳುವವರಿಗೆ ಎಚ್‌ಯುಐಡಿ ನೋಡುವುದೇ ಸುಲಭ. ಸವೆಯದ ದಪ್ಪ ಗಿಲೀಟಿನ ಮುಂದೆ ಮಾತ್ರ ಮಸೂರ ಸೋಲುತ್ತದೆ. ಆಗ ಅಕ್ಕಸಾಲಿಗರ ಹತ್ತಿರ ಹೋಗಿ, ಕೊಂಡಿಯ ಪಕ್ಕದ ಬಳೆಯನ್ನು ಅರದಿಂದ ತುಸು ಕೆರೆದು, ಆಮೇಲೆ ಒರೆಗಲ್ಲಿಗೆ ಉಜ್ಜಿ ಎಂದು ಹೇಳಿ. ಕೆರೆಯದೆ ಉಜ್ಜಿದರೆ ಕಲ್ಲಿನ ಮೇಲೆ ಬೀಳುವುದು ಮೇಲ್ಪದರದ ಗೆರೆಯೇ.