ಅಕ್ಕನ ದನಿ ಮರೆಸಲು ನೋಡಿದ ನಾಲ್ಕು ದಾರಿ

ಮೊದಲೇ ಹೇಳಿಬಿಡುತ್ತೇನೆ, ದನಿಯ ಗುರುತು ಮರೆಸುವ ತಂತ್ರಾಂಶಗಳಲ್ಲಿ ನನ್ನ ಓಟು ಪ್ರಾಟ್‌ಗೆ. ದುಡ್ಡು ಕೊಟ್ಟು ಬೇರೆಯದನ್ನು ಕೊಂಡು, ಅದು ಕೈಕೊಟ್ಟ ಮೇಲೆ ಬಂದ ತೀರ್ಮಾನ ಇದು.

ಹೊಸನಗರ ತಾಲೂಕಿನ ಒಂದು ಊರಿನಲ್ಲಿ ಗುಂಪುಸಾಲದ ವಸೂಲಿಗಾರರಿಂದ ಕಷ್ಟಪಟ್ಟ ಅಕ್ಕ ಒಬ್ಬರ ಮಾತು ಧ್ವನಿಮುದ್ರಿಸಿಕೊಂಡು ಬಂದಿದ್ದೆ. ಅವರ ಷರತ್ತು ಒಂದೇ: "ಮಾತು ಎಲ್ರಿಗೂ ತಿಳೀಲಿ ತಂಗಿ, ಆದ್ರೆ ನಮ್ಮ ಕೇರಿಯವರಿಗೆ ಇದು ನಾನು ಅಂತ ಗೊತ್ತಾಗ್ಬಾರ್ದು." ಅವರದ್ದೇ ಮಾತನ್ನು ಇಟ್ಟುಕೊಂಡು ಪ್ರಯೋಗ ಮಾಡಿ ಊರವರಿಗೆ ಕೇಳಿಸಿದರೆ ಗುಟ್ಟು ಅಲ್ಲೇ ರಟ್ಟಾಗುತ್ತದೆ. ಅದಕ್ಕೆ ನಮ್ಮ ಚಿಕ್ಕಮ್ಮನ ಕೈಲಿ ಅಂಥದ್ದೇ ನಾಲ್ಕು ನಿಮಿಷದ ಮಾತು ಹೇಳಿಸಿ, ಅದನ್ನು ಬದಲಿಸಿ, ನಮ್ಮ ಮನೆಯವರಿಗೇ ಕೇಳಿಸಿದೆ. ಚಿಕ್ಕಮ್ಮನ ದನಿ ಹುಟ್ಟಿದಾಗಿನಿಂದ ಕೇಳಿದ ಕಿವಿಗಳಿಗಿಂತ ಕಠಿಣ ಪರೀಕ್ಷಕರು ಸಿಗುವುದಿಲ್ಲ.

ಮೊದಲು ಕೊಂಡಿದ್ದು ಹಾಡುಗಾರರಿಗೆಂದು ಮಾಡಿದ ಒಂದು ಪ್ಲಗಿನ್. ಮೂರು ಸಾವಿರದ ಇನ್ನೂರು ರೂಪಾಯಿ. ಶ್ರುತಿಯನ್ನು ಐದು ಸೆಮಿಟೋನ್, ಅಂದರೆ ಐದು ಅರ್ಧಸ್ವರದಷ್ಟು ಇಳಿಸಿದೆ, ದನಿ ದಪ್ಪಗಾಯಿತು, ಮಾತು ಸ್ಫಟಿಕದಷ್ಟು ಸ್ಪಷ್ಟ. ಅಜ್ಜಿಗೆ ಕೇಳಿಸಿದೆ. ಎರಡನೇ ವಾಕ್ಯಕ್ಕೇ, "ಇವಳಿಗೆಂತ ಶೀತವಾ?" ಅಂದರು. ಹೆಸರು ಕೇಳುವ ಅಗತ್ಯವೇ ಬರಲಿಲ್ಲ.

ತಪ್ಪು ಎಲ್ಲಿ ಅನ್ನುವುದು ಆಮೇಲೆ ತಿಳಿಯಿತು. ನಲ್ಲಿ ಕೆಳಗೆ ಬಿಂದಿಗೆ ಇಟ್ಟಾಗ ನೀರಿನ ಧಾರೆ ಅದೇ ಇದ್ದರೂ ಬಿಂದಿಗೆ ತುಂಬುತ್ತ ಬಂದಂತೆ ಸದ್ದಿನ ಬಣ್ಣ ಏರುತ್ತದಲ್ಲ, ಒಳಗಿನ ಖಾಲಿ ಜಾಗ ಚಿಕ್ಕದಾಗುತ್ತ ಹೋಗುವುದೇ ಅದಕ್ಕೆ ಕಾರಣ. ನಮ್ಮ ದನಿಯೂ ಹಾಗೆಯೇ ಎರಡು ಪಾಲು. ಗಂಟಲಿನ ತಂತುಗಳು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತವೆ ಅನ್ನುವುದು ಶ್ರುತಿ. ಗಂಟಲು, ಬಾಯಿ ಸೇರಿ ಆದ ಟೊಳ್ಳು ಯಾವ ಯಾವ ಕಂಪನಗಳನ್ನು ಎತ್ತಿ ಕೊಡುತ್ತದೆ ಅನ್ನುವುದು ಫಾರ್ಮಂಟ್. ಒಬ್ಬರ ದನಿಯ ಗುರುತು ಈ ಎರಡನೆಯದರಲ್ಲೇ ಬಹಳಷ್ಟು ಇರುತ್ತದೆ. ಹಾಡುಗಾರನ ಶ್ರುತಿ ತಿದ್ದುವಾಗ ಅವನ ದನಿ ಅವನದ್ದಾಗಿಯೇ ಉಳಿಯಬೇಕು, ಆದ್ದರಿಂದ ಇಂಥ ಪ್ಲಗಿನ್‌ಗಳು ಫಾರ್ಮಂಟನ್ನು ಜೋಪಾನವಾಗಿ ಕಾಪಾಡುತ್ತವೆ. ನಾನು ಅಳಿಸಬೇಕೆಂದಿದ್ದನ್ನೇ ದುಡ್ಡು ಕೊಟ್ಟು ಉಳಿಸಿಕೊಂಡಿದ್ದೆ.

ಎರಡನೆಯದು ಆಡಾಸಿಟಿ ಎಂಬ ಧ್ವನಿ ಎಡಿಟಿಂಗ್ ತಂತ್ರಾಂಶದ `Change Pitch`. ಪುಕ್ಕಟೆ, ಎಲ್ಲರ ಕೈಗೂ ಸಿಗುವಂಥದ್ದು. ಇದರಲ್ಲಿ ಶ್ರುತಿ, ಫಾರ್ಮಂಟ್ ಎರಡೂ ಒಂದೇ ಪ್ರಮಾಣದಲ್ಲಿ ಸರಿಯುತ್ತವೆ, ಹಾಗಾಗಿ ಮೊದಲನೆಯದಕ್ಕಿಂತ ಎಷ್ಟೋ ವಾಸಿ. ನಾಲ್ಕು ಸೆಮಿಟೋನ್ ಇಳಿಸಿದರೆ ಎಲ್ಲವೂ 0.79 ಪಟ್ಟು ಆಗುತ್ತದೆ. ಅಜ್ಜಿ ಗುರುತಿಸಲಿಲ್ಲ. ಆದರೆ ಕೇಳಿದ್ದನ್ನು ಬರೆದುಕೊಳ್ಳಿ ಎಂದು ಪಕ್ಕದ ಮನೆಯ ಇಬ್ಬರು ಹುಡುಗಿಯರಿಗೆ ಕೊಟ್ಟಾಗ, ಒಬ್ಬಳು "ಸಾಲ" ಇರುವಲ್ಲೆಲ್ಲ "ಶಾಲು" ಎಂದು ಬರೆದಿದ್ದಳು. ಸಾಲದ ಕಥೆಯಲ್ಲಿ ಸಾಲವೇ ಕೇಳಿಸದಿದ್ದರೆ ಏನು ಉಳಿಯಿತು? ಸಕಾರದ ಸದ್ದು ಬಹಳ ಮೇಲಿನ ಕಂಪನಗಳ ಸಿಳ್ಳು, ಶಕಾರದ್ದು ಅದಕ್ಕಿಂತ ಕೆಳಗೆ. ಎಲ್ಲವನ್ನೂ ಐದನೇ ಒಂದು ಪಾಲು ಕೆಳಗೆ ಎಳೆದರೆ ಸಕಾರ ಶಕಾರದ ಮನೆಗೆ ಹೋಗಿ ಕೂರುತ್ತದೆ. ಲ, ಳ ವ್ಯತ್ಯಾಸವೂ ಮಂಕಾಗುತ್ತದೆ, "ಹಾಲು" "ಹಾಳು" ಆದರೆ ಅರ್ಥವೇ ಕೆಟ್ಟಿತು.

ಇನ್ನೊಂದು ಭಯ. ಶಿವಮೊಗ್ಗದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ನಮ್ಮ ಭಾವನ ಮಗನಿಗೆ ಈ ಫೈಲ್ ಕೊಟ್ಟು, "ಹಿಂದಕ್ಕೆ ತರಲು ನೋಡು" ಅಂದೆ. ಅವನು ಮೇಲಕ್ಕೆ ಎರಡು, ಮೂರು, ನಾಲ್ಕು ಸೆಮಿಟೋನ್ ಎಂದು ಒಂದೊಂದಾಗಿ ಏರಿಸಿದ. ನಾಲ್ಕಕ್ಕೆ ಚಿಕ್ಕಮ್ಮ ಎದುರು ಬಂದು ನಿಂತರು. ತಿರುಗಿಸಬೇಕಾದ ಗುಂಡಿ ಒಂದೇ ಇದ್ದರೆ ಯಾರು ಬೇಕಾದರೂ ತಿರುಗಿಸುತ್ತಾರೆ.

ಹಾಗೆ ಬಂದದ್ದು ಪ್ರಾಟ್‌ಗೆ. ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ, ಡೇವಿಡ್ ವೇನಿಂಕ್ ಎಂಬ ಧ್ವನಿವಿಜ್ಞಾನಿಗಳು ಭಾಷಾಧ್ಯಯನಕ್ಕೆಂದು ಕಟ್ಟಿದ ಉಚಿತ ತಂತ್ರಾಂಶ ಇದು. ನೋಡಲು ಹಳೆಯ ಕಾಲದ್ದರಂತಿದೆ, ಮೊದಲ ದಿನ ಬೇಸರವೇ ಆಗುತ್ತದೆ. ಆದರೆ `Convert` ಪಟ್ಟಿಯೊಳಗೆ `Change gender...` ಎಂಬ ಆಜ್ಞೆ ಇದೆ, ಅದರಲ್ಲಿ ಫಾರ್ಮಂಟ್, ಶ್ರುತಿ, ಶ್ರುತಿಯ ಏರಿಳಿತ ಮೂರನ್ನೂ ಬೇರೆ ಬೇರೆಯಾಗಿ ಹಿಡಿಯಬಹುದು. ಚಿಕ್ಕಮ್ಮನ ದನಿಗೆ ಕೊನೆಗೆ ನಿಂತದ್ದು ಇದು:

```
Change gender: 120, 400, 0.88, 150, 0.5, 1
```

ಮೊದಲ ಎರಡು ಸಂಖ್ಯೆ ಶ್ರುತಿಯನ್ನು ಎಲ್ಲಿಂದ ಎಲ್ಲಿಯವರೆಗೆ ಹುಡುಕಬೇಕು ಎನ್ನುವುದು. 0.88 ಫಾರ್ಮಂಟಿನ ಪ್ರಮಾಣ. 150 ಹೊಸ ನಡುಶ್ರುತಿ, ಚಿಕ್ಕಮ್ಮನ ಸಹಜ ಶ್ರುತಿ 208 ಹರ್ಟ್ಸ್ ಆಸುಪಾಸು. ಹೆಂಗಸಿನ ಫಾರ್ಮಂಟನ್ನು ಸುಮಾರು ಗಂಡಸಿನ ಹಾಗೆ ಮಾಡಲು 1.1ರಿಂದ ಭಾಗಿಸಿ, ಅಂದರೆ 0.91 ಇಡಿ ಎಂದು ಪ್ರಾಟ್‌ನ ಕೈಪಿಡಿಯೇ ಹೇಳುತ್ತದೆ. ನಾನು ಸ್ವಲ್ಪ ಮುಂದೆ ಹೋದೆ ಅಷ್ಟೆ. 0.88ರಲ್ಲಿ ಸಾಲ ಸಾಲವಾಗಿಯೇ ಉಳಿಯಿತು. ಅದಕ್ಕೊಂದು ಕಾರಣವೂ ಇದೆ: ನಮ್ಮ ಕಿವಿ ಮಾತಾಡುವವರ ಗಾತ್ರವನ್ನು ಅಂದಾಜು ಮಾಡಿಕೊಂಡು ಸ್ವರಗಳನ್ನು ಹೊಂದಿಸಿಕೊಳ್ಳುತ್ತದೆ. ಶ್ರುತಿ, ಫಾರ್ಮಂಟ್ ಎರಡೂ ಭೂಮಿ ಮೇಲೆ ಇರಬಹುದಾದ ಒಬ್ಬ ಮನುಷ್ಯನಿಗೆ ಹೊಂದಿದರೆ ಕಿವಿ ಬೇಗ ಒಗ್ಗುತ್ತದೆ. ಟಿವಿ ಸುದ್ದಿಯ ರಾಕ್ಷಸ ದನಿ ಕೇಳಲು ಕಷ್ಟವಾಗುವುದು, ಅಂಥ ಗಂಟಲಿನ ಮನುಷ್ಯ ಎಲ್ಲೂ ಇಲ್ಲದ್ದರಿಂದ.

0.5 ಎಂಬುದು ಏರಿಳಿತವನ್ನು ಅರ್ಧಕ್ಕೆ ಇಳಿಸಿದ್ದು. ಯಾರ ರಾಗ ಎಂದು ಗುರುತು ಹಿಡಿಯುವವರಿಗೆ ಇದು ದೊಡ್ಡ ಅಡ್ಡಿ. ಕನ್ನಡದಲ್ಲಿ ಹೀಗೆ ಚಪ್ಪಟೆ ಮಾಡಿದರೂ ಪ್ರಶ್ನೆ ಕಳೆಯುವುದಿಲ್ಲ, "ಬಂದ್ರಾ", "ಕೊಟ್ಟಿದೀರಾ" ಎಂದು ಕೊನೆಯ ಆಕಾರವೇ ಪ್ರಶ್ನೆ ಕೇಳುತ್ತದೆ. ಸೊನ್ನೆಗೆ ಇಳಿಸಬೇಡಿ, ಯಂತ್ರ ಓದಿದಂತಾಗುತ್ತದೆ, ನೋವು ಅಲ್ಲೇ ಸಾಯುತ್ತದೆ.

ಇನ್ನು ನನ್ನನ್ನು ಹದಿನೈದು ದಿನ ಕಾಡಿದ ತೊಂದರೆ. ಮಳೆ.

ಅಕ್ಕನ ಮಾತನ್ನು ಜುಲೈ ತಿಂಗಳಲ್ಲಿ, ತಗಡಿನ ಮಾಡಿನ ಕೆಳಗೆ ಕೂತು ಮುದ್ರಿಸಿಕೊಂಡಿದ್ದೆ. ಹಾಗೇ ಕೇಳಿದರೆ ಮಾತು ಚೆನ್ನಾಗಿಯೇ ಇತ್ತು, ಹಿಂದೆ ಮಳೆ, ಅಷ್ಟೆ. ಪ್ರಾಟ್‌ನಿಂದ ಹೊರಬಂದಾಗ ಅಕ್ಷರಗಳು ಬಿಕ್ಕಳಿಸುತ್ತಿದ್ದವು. ನಡುವೆ ಗೊರಗೊರ, ಒಂದೊಂದು ಕಡೆ ಅರ್ಧ ಪದ ಚೀರಿದಂತೆ. ನನ್ನ ಸಂಖ್ಯೆಗಳೇ ತಪ್ಪು ಎಂದುಕೊಂಡು ಫಾರ್ಮಂಟನ್ನು ಅತ್ತ ಇತ್ತ ಮಾಡಿದೆ, ಏನೂ ಆಗಲಿಲ್ಲ.

ಪ್ರಾಟ್ ಮಾಡುವ ಕೆಲಸ ಹೀಗೆ: ದನಿಯ ಒಂದೊಂದು ಮಿಡಿತವನ್ನೂ ಗುರುತಿಸಿ, ಅಲ್ಲಲ್ಲಿ ಕತ್ತರಿಸಿ, ಹೊಸ ಅಂತರದಲ್ಲಿ ಒಂದರ ಮೇಲೊಂದು ಒರಗಿಸಿ ಜೋಡಿಸುತ್ತದೆ. ಮಿಡಿತ ತಪ್ಪಾಗಿ ಎಣಿಸಿದರೆ ಕತ್ತರಿ ತಪ್ಪು ಜಾಗದಲ್ಲಿ ಬೀಳುತ್ತದೆ. ಮಳೆಯ ಸದ್ದಿನಲ್ಲಿ ಅದು ಒಮ್ಮೊಮ್ಮೆ ಎರಡು ಮಿಡಿತವನ್ನು ಒಂದೆಂದು, ಒಮ್ಮೊಮ್ಮೆ ಒಂದನ್ನು ಎರಡೆಂದು ಎಣಿಸುತ್ತಿತ್ತು. ಇದನ್ನು ಕಣ್ಣಾರೆ ನೋಡಬಹುದು: `View & Edit` ತೆರೆದರೆ ಶ್ರುತಿಯ ನೀಲಿ ಗೆರೆ ಬರುತ್ತದೆ. ಅದು ನಯವಾದ ದಾರದಂತೆ ಹೋಗಬೇಕು. ನನ್ನದರಲ್ಲಿ 200ರ ಹತ್ತಿರ ಹೋಗುತ್ತಿದ್ದದ್ದು ತಟ್ಟನೆ 100ಕ್ಕೆ ಬಿದ್ದು, ಮತ್ತೆ 400ಕ್ಕೆ ಹಾರುತ್ತಿತ್ತು. `Change gender`ನಲ್ಲಿ ಹುಡುಕುವ ಮಿತಿ ಮೊದಲಿಗೆ ಇರುವುದು 75ರಿಂದ 600, ಅಷ್ಟು ಅಗಲದಲ್ಲಿ ಅದಕ್ಕೆ ಜಾರಲು ಜಾಗ ಸಿಗುತ್ತದೆ. ಚಿಕ್ಕಮ್ಮನ ದನಿಗಾದರೆ 120ರಿಂದ 400ಕ್ಕೆ ಕಟ್ಟಿದಾಗ 208ರ ಅರ್ಧವೂ ಹೊರಗೆ, ಎರಡು ಪಟ್ಟೂ ಹೊರಗೆ. ಅಕ್ಕನ ದನಿಗೂ ಹೀಗೆಯೇ ಮಿತಿ ಕಟ್ಟಿದ ಮೇಲೆ ಬಿಕ್ಕಳಿಕೆ ಮುಕ್ಕಾಲು ಪಾಲು ನಿಂತಿತು.

ಉಳಿದ ಕಾಲು ಪಾಲು ಯಾವ ಸಂಖ್ಯೆಗೂ ಬಗ್ಗಲಿಲ್ಲ. ಗದ್ದಲ ತೆಗೆಯುವ ಫಿಲ್ಟರನ್ನು 12 ಡೆಸಿಬೆಲ್ ಹಾಕಿದರೆ ಮಳೆಯ ಜೊತೆ ಸಕಾರವೂ ಹೋಯಿತು, 6 ಹಾಕಿದರೆ ಮಳೆ ಉಳಿಯಿತು. ಕೊನೆಗೆ ಅಕ್ಕನ ಹತ್ತಿರ ಇನ್ನೊಮ್ಮೆ ಹೋದೆ. ಈ ಸಲ ಮರದ ಮುಚ್ಚಿಗೆ ಇರುವ ಒಳಕೋಣೆ, ಗೋಡೆಯುದ್ದಕ್ಕೂ ಅಡಿಕೆ ಮೂಟೆ. ಮೂಟೆಗಳು ಸದ್ದನ್ನು ಹೀರಿದವು, ಮುಚ್ಚಿಗೆ ಮಳೆಯನ್ನು ತಡೆಯಿತು. ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿ ಇಟ್ಟೆ. ಆ ಫೈಲ್ ಮೊದಲ ಸಲಕ್ಕೇ ಸರಿಯಾಗಿ ಬಂತು. ಅವರು ಅಳುತ್ತ ದನಿ ಕುಗ್ಗಿದ ಎರಡು ಕಡೆ ಮಾತ್ರ ಗೊರಗೊರ ಉಳಿದಿದೆ, ಅಲ್ಲಿ ಶ್ರುತಿಯೇ ಒಡೆದಿರುತ್ತದೆ, ಪ್ರಾಟ್‌ಗೆ ಹಿಡಿಯಲು ಏನೂ ಇರುವುದಿಲ್ಲ.

ನಾಲ್ಕನೆಯ ದಾರಿ, ಅವರ ಮಾತನ್ನು ಬೇರೆಯವರ ಬಾಯಲ್ಲಿ ಹೇಳಿಸುವುದು. ಎಲ್ಲಕ್ಕಿಂತ ಭದ್ರ ಅದೇ, ಪ್ರಾಣಕ್ಕೆ ಅಪಾಯ ಇರುವವರ ಮಾತಾದರೆ ನಾನು ಅದನ್ನೇ ಮಾಡುತ್ತೇನೆ. ಅಕ್ಕ ಒಪ್ಪಲಿಲ್ಲ, ಉಸಿರು ತನ್ನದೇ ಇರಲಿ ಅಂದರು.

ಆ ದಾರಿಯನ್ನು ಹೆಚ್ಚು ಭದ್ರ ಅಂದದ್ದು ಯಾಕೆಂದರೆ, ಪ್ರಾಟ್ ಬಚ್ಚಿಡುವುದು ಕೇರಿಯವರ ಕಿವಿಯಿಂದ ಮಾತ್ರ. ಭಾವನ ಮಗನಿಗೆ ಇದನ್ನು ಕೊಟ್ಟಾಗ ಅರ್ಧ ದಿನ ಕೂತರೂ ಚಿಕ್ಕಮ್ಮ ಹೊರಬರಲಿಲ್ಲ, ಮೂರು ಗುಂಡಿಯನ್ನು ಒಟ್ಟಿಗೆ ಊಹಿಸಬೇಕಲ್ಲ. ಆದರೆ ವಿಧಾನ ಗೊತ್ತಿದ್ದು, ಅವರ ಮೂಲ ದನಿಯ ತುಣುಕೂ ಕೈಲಿದ್ದು, ಗಣಕದಿಂದ ದನಿ ಹೋಲಿಸುವವರು ಪಟ್ಟುಹಿಡಿದರೆ ಇದು ತಡೆಯುತ್ತದೆ ಎಂದು ನಾನು ಭರವಸೆ ಕೊಡಲಾರೆ, ಅಕ್ಕನಿಗೂ ಹಾಗೇ ಹೇಳಿದೆ. ಮೇಲೆ ಕೊಟ್ಟ ಸಂಖ್ಯೆಗಳು ಚಿಕ್ಕಮ್ಮನವು. ಅಕ್ಕನಿಗೆ ಹಾಕಿದ್ದು ಬೇರೆ, ಎಲ್ಲೂ ಬರೆದಿಟ್ಟಿಲ್ಲ, ಮೂಲ ಫೈಲನ್ನು ಫೋನಿನಿಂದಲೂ ಲ್ಯಾಪ್‌ಟಾಪಿನಿಂದಲೂ ಅಳಿಸಿದ್ದೇನೆ. ನೀವೂ ಒಬ್ಬೊಬ್ಬರಿಗೆ ಒಂದೊಂದು ಹಾಕಿ.

ನನ್ನದು ಹಳೆಯ ಲ್ಯಾಪ್‌ಟಾಪ್, ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಪ್ರಾಟ್‌ಗೆ ಎರಡೂ ಬೇಡ, ಬ್ಯಾಟರಿ ಇದ್ದರೆ ಸಾಕು. ವಾರಕ್ಕೆ ಹತ್ತು ಸಂದರ್ಶನ ಮಾಡುವವರಿಗೆ ಇಷ್ಟು ತಾಳ್ಮೆ ಇರಲಾರದು, ತಿಂಗಳಿಗೆ ಒಂದೆರಡು ಮಾಡುವ ನನಗೆ ಇದೆ.

ಮುಗಿಸಿದ ಫೈಲನ್ನು ಅಕ್ಕನಿಗೇ ಮೊದಲು ಕೇಳಿಸಿದೆ. ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಯಾರೋ ಗಂಡಸು ನಮ್ಮನೆ ಕಥೆ ಹೇಳ್ದಂಗೆ ಉಂಟು," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ತಂಗಿ, ಮಾತು ಮಾತಿಗೂ 'ಅದೇ ಹೇಳೂದು ನಾನು' ಅಂತ ಬರ್ತದಲ್ಲ, ಅದು ನಮ್ಮ ಕೇರಿಯಲ್ಲಿ ನಾನೊಬ್ಳೇ ಅನ್ನೂದು. ಅದನ್ನ ತೆಗ್ದ್‌ಬಿಡು."

ಹನ್ನೊಂದು ಕಡೆ ಇತ್ತು. ಹನ್ನೊಂದನ್ನೂ ಕತ್ತರಿಸಿದೆ.